ಗ್ರಾಹಕರು ಮನೆಯಲ್ಲಿ ಇರಲಿಲ್ಲ

ಏಪ್ರಿಲ್ 26ರ ರಾತ್ರಿ ಹನ್ನೊಂದರ ಮೇಲೆ ಬಂದಿದ್ದ ಒಂದು ಇಮೇಲನ್ನು ನಾನು ಮರುದಿನ ಬೆಳಿಗ್ಗೆ ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಓದಿದೆ. ಬರೆದವರು ದಾವಣಗೆರೆಯ ಒಬ್ಬ ಹೈಸ್ಕೂಲು ಮೇಷ್ಟ್ರು. ನಾನಾಗ ಗೃಹೋಪಯೋಗಿ ವಸ್ತುಗಳನ್ನು ಆನ್‌ಲೈನಿನಲ್ಲಿ ಮಾರುವ ಕಂಪನಿಯೊಂದರ ದೂರು ವಿಭಾಗದಲ್ಲಿದ್ದೆ. ಸಾಮಾನ್ಯ ದೂರುಗಳು ಕಾಲ್ ಸೆಂಟರಿನಲ್ಲೇ ಮುಗಿದುಹೋಗುತ್ತಿದ್ದವು. ಅಲ್ಲಿ ಮುಗಿಯದೆ ಕೋಪವಾಗಿ ಹಣ್ಣಾದವು ನನ್ನ ಮೇಜಿಗೆ ಬರುತ್ತಿದ್ದವು.

ಮೇಷ್ಟ್ರ ಕಾಗದ ಚಿಕ್ಕದಾಗಿತ್ತು. ತಾವು ಕೊಂಡ ಫ್ರಿಜ್ ಮೂರೇ ದಿನಕ್ಕೆ ಕೆಟ್ಟಿತು, ಒಂದು ಸಲವೂ ಯಾರೂ ಬಂದು ನೋಡಿಲ್ಲ, ತಾಯಿಗೆ ತಂದಿಟ್ಟ ಇನ್ಸುಲಿನ್ ಹಾಳಾಯಿತು. ಫ್ರಿಜ್ಜಿನ ಹಣ 24,990 ರೂಪಾಯಿ, ಇನ್ಸುಲಿನ್ನಿನದು 2,860, ಮಾನಸಿಕ ಹಿಂಸೆಗೆ 50,000. ಇಷ್ಟೂ ಇವತ್ತು ಸಂಜೆ ಆರರೊಳಗೆ ಖಾತೆಗೆ ಬರದಿದ್ದರೆ ಎಲ್ಲವನ್ನೂ ಫೇಸ್‌ಬುಕ್ಕಿಗೂ ಎಕ್ಸ್‌ಗೂ ಹಾಕುತ್ತೇನೆ ಎಂದಿದ್ದರು. ನಮ್ಮ ಆ್ಯಪ್‌ನಲ್ಲಿ ಕಾಣುವ ಸರ್ವಿಸ್ ಹುಡುಗನ ಹೆಸರು, ಫೋಟೊ, ಮೊಬೈಲ್ ನಂಬರು ಸಮೇತ. ಕೊನೆಯ ಸಾಲು: "ನೀವು ಕಳ್ಳರು, ಊರಿಗೆಲ್ಲ ಗೊತ್ತಾಗಲಿ."

ಇಂಥ ಕಾಗದ ಬಂದಾಗ ಕಚೇರಿಯೊಳಗೆ ಮೊದಲು ನಡೆಯುವ ಕೆಲಸ ಯಾವುದೆಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಫ್ರಿಜ್ ಯಾಕೆ ಕೆಟ್ಟಿತು ಎಂದು ಯಾರೂ ಕೇಳಲಿಲ್ಲ. ಸೋಷಿಯಲ್ ಮೀಡಿಯಾ ನೋಡಿಕೊಳ್ಳುವ ತಂಡದವರು ಮೇಷ್ಟ್ರ ಖಾತೆಯನ್ನು ಹುಡುಕಿ, ಅವರನ್ನು ಎಷ್ಟು ಜನ ಹಿಂಬಾಲಿಸುತ್ತಾರೆ ಎಂದು ಎಣಿಸಿದರು. 212 ಜನ. ನಮ್ಮ ಮ್ಯಾನೇಜರು ನಿಟ್ಟುಸಿರು ಬಿಟ್ಟು, "ಇನ್ನೂರ ಹನ್ನೆರಡಾ? ಹಾಗಿದ್ರೆ ಗಾಬರಿ ಬೇಡ, ನಿಧಾನಕ್ಕೆ ಬರೀರಿ" ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಬೆಂಕಿ ಎಲ್ಲಿ ಬಿದ್ದಿದೆ, ಗಾಳಿ ಯಾವ ಕಡೆಗಿದೆ ಎಂದು ನೋಡುವುದು ಅವರ ಕೆಲಸವಾಗಿತ್ತು. ಆದರೂ ಆ ಸಂಖ್ಯೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಇನ್ನೂರ ಹನ್ನೆರಡರ ಬದಲು ಎರಡು ಲಕ್ಷ ಇದ್ದಿದ್ದರೆ ಆ ಫ್ರಿಜ್ ಹೆಚ್ಚು ಕೆಟ್ಟಂತೆ ಆಗುತ್ತಿತ್ತೆ?

ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥವೊಂದರಲ್ಲಿ ಒಬ್ಬ ಅಂಗಡಿಯವ ಬರುತ್ತಾನೆ. ಬೆಲೆ ಗೊತ್ತಿಲ್ಲದ ಮಗು ಬಂದರೂ ಅವನು ಹೆಚ್ಚು ಹಣ ಕೀಳುವುದಿಲ್ಲ, ಎಲ್ಲರಿಗೂ ಒಂದೇ ದರ. ಮೆಚ್ಚಬೇಕಾದ ಮನುಷ್ಯನೇ. ಆದರೆ ಅವನು ಹಾಗೆ ಮಾಡುವುದು ವ್ಯಾಪಾರಕ್ಕೆ ಒಳ್ಳೆಯ ಹೆಸರು ಬೇಕೆಂಬ ಕಾರಣಕ್ಕೆ ಮಾತ್ರವಾದರೆ, ಆ ಕೆಲಸ ಕರ್ತವ್ಯಕ್ಕೆ ಹೊಂದುತ್ತದೆಯೇ ಹೊರತು ಕರ್ತವ್ಯಪ್ರಜ್ಞೆಯಿಂದ ಹುಟ್ಟಿದ್ದಲ್ಲ ಎನ್ನುತ್ತಾನೆ ಕಾಂಟ್. ಓದುವ ಕಾಲದಲ್ಲಿ ಇದು ನನಗೆ ಕೂದಲು ಸೀಳುವ ವಾದದಂತೆ ಕಂಡಿತ್ತು. ಮಗುವಿಗೆ ಸರಿಯಾದ ಬೆಲೆಗೆ ಸಕ್ಕರೆ ಸಿಕ್ಕಿತಲ್ಲ, ಅಂಗಡಿಯವನ ಮನಸ್ಸು ಕಟ್ಟಿಕೊಂಡು ಏನಾಗಬೇಕು? ಆ ಬೆಳಿಗ್ಗೆ ವ್ಯತ್ಯಾಸ ಅರ್ಥವಾಯಿತು. ಹೆಸರಿಗಾಗಿ ಪ್ರಾಮಾಣಿಕನಾದವನು, ಹೆಸರು ಕೆಡುವ ಭಯ ಇಲ್ಲದ ಕಡೆ ಪ್ರಾಮಾಣಿಕನಾಗಿರಬೇಕಾದ ಕಾರಣವೇ ಇಲ್ಲ. ಹಿಂಬಾಲಿಸುವವರ ಸಂಖ್ಯೆ ಎಣಿಸುವುದೆಂದರೆ, ಮಗುವಿನ ಜೊತೆ ದೊಡ್ಡವರು ಯಾರಾದರೂ ಬಂದಿದ್ದಾರೆಯೇ ಎಂದು ಬಾಗಿಲ ಕಡೆ ಇಣುಕಿ ನೋಡಿದಂತೆ.

ಮಧ್ಯಾಹ್ನದ ಹೊತ್ತಿಗೆ ಎರಡು ಕರಡುಗಳು ತಯಾರಾಗಿದ್ದವು. ಮೊದಲನೆಯದು ಕಾನೂನು ವಿಭಾಗದ್ದು. "ತಮ್ಮ ಎಲ್ಲ ಆರೋಪಗಳನ್ನು ಸಾರಾಸಗಟಾಗಿ ನಿರಾಕರಿಸುತ್ತೇವೆ" ಎಂದು ಶುರುವಾಗಿ, ಬೆದರಿಸಿ ಹಣ ಕೇಳುವುದು ಅಪರಾಧವೆಂದು ನೆನಪಿಸಿ, ಸೂಕ್ತ ಕ್ರಮದ ಹಕ್ಕನ್ನು ಕಾಯ್ದಿರಿಸಿಕೊಂಡು ಮುಗಿಯುತ್ತಿತ್ತು. ಎರಡನೆಯದು ಸೋಷಿಯಲ್ ಮೀಡಿಯಾ ತಂಡದ್ದು. ಆಗಿರುವ ಅನಾನುಕೂಲಕ್ಕೆ ತೀವ್ರ ವಿಷಾದ, ನಿಮ್ಮ ತೃಪ್ತಿಯೇ ನಮ್ಮ ಧ್ಯೇಯ, ಸದ್ಭಾವನೆಯ ಸಂಕೇತವಾಗಿ ಐದು ಸಾವಿರದ ಕೂಪನ್. ಆ ಕೂಪನ್ನಿಗೆ ಒಂದು ಷರತ್ತು: ಈ ವಿಷಯವನ್ನು ಎಲ್ಲೂ ಪ್ರಕಟಿಸಬಾರದು.

ಒಂದು ಹೆದರಿಸುವ ಕಾಗದ, ಇನ್ನೊಂದು ಹೆದರಿದವರ ಕಾಗದ. ಎರಡರಲ್ಲೂ ಸೌಜನ್ಯದ ಪದಗಳಿದ್ದವು, ಎರಡರಲ್ಲೂ ಫ್ರಿಜ್ ಇರಲಿಲ್ಲ. ಮೇಷ್ಟ್ರ ಬೆದರಿಕೆಗೆ ಉತ್ತರ ಇತ್ತೇ ಹೊರತು ಅವರ ದೂರಿಗೆ ಉತ್ತರವಿರಲಿಲ್ಲ. ಸಮಾಧಾನದಿಂದ ಬರೆಯುವುದು ಎಂದರೆ ಮೆತ್ತಗಿನ ಮಾತು ಎಂದು ನಾವು ತಿಳಿದಿರುತ್ತೇವೆ. ಅದು ಮಾತಿನ ಮೆದುವಿಗೆ ಸಂಬಂಧಿಸಿದ್ದಲ್ಲ. ಬೆದರಿಕೆಯನ್ನು ಒಂದು ಪಕ್ಕಕ್ಕೆ ಎತ್ತಿಟ್ಟು, ಅದು ಇಲ್ಲದಿದ್ದರೆ ಈ ಮನುಷ್ಯನಿಗೆ ನಾವು ಏನು ಕೊಡಬೇಕಾಗಿತ್ತು ಎಂದು ನೋಡುವ ಕೆಲಸ ಅದು. ಅದಕ್ಕೆ ಏನು ನಡೆಯಿತು ಎಂಬುದು ಗೊತ್ತಾಗಬೇಕು. ನಾನು ಕಡತ ತೆಗೆದು ಕೂತೆ.

ಫ್ರಿಜ್ ಮನೆ ತಲುಪಿದ್ದು ಏಪ್ರಿಲ್ 8ಕ್ಕೆ. 11ಕ್ಕೆ ಮೊದಲ ದೂರು, ಒಳಗೆ ತಂಪಾಗುತ್ತಿಲ್ಲ ಎಂದು. 13ಕ್ಕೆ ಸರ್ವಿಸ್ ಹುಡುಗ ಹೋಗಿದ್ದಾನೆ, ಗ್ಯಾಸ್ ತುಂಬಿಸಿದ್ದಾನೆ. ಜಾಬ್ ಶೀಟಿನ ಮೇಲೆ ಮನೆಯವರ ಸಹಿ ಇದೆ. ಅಂದರೆ 'ಒಂದು ಸಲವೂ ಯಾರೂ ಬಂದಿಲ್ಲ' ಎಂಬ ಮಾತು ಸರಿಯಲ್ಲ. ಕಾನೂನು ವಿಭಾಗದವರು ಹಿಡಿದುಕೊಂಡಿದ್ದು ಇದೇ ಎಳೆಯನ್ನು. ಆದರೆ ಅದೇ ಜಾಬ್ ಶೀಟ್ ನಮ್ಮ ವಿರುದ್ಧವೂ ಮಾತಾಡುತ್ತಿತ್ತು. ಫ್ರಿಜ್ಜಿನ ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ವರ್ಷಗಟ್ಟಲೆ ಅದೇ ಸುತ್ತುತ್ತಿರುತ್ತದೆ. ಮೂರು ದಿನದಲ್ಲಿ ಕಮ್ಮಿಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರುವ ಜಾಗ ಹುಡುಕದೆ ಮತ್ತೆ ತುಂಬಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ. 19ಕ್ಕೆ ತಂಪು ಮತ್ತೆ ನಿಂತಿತು.

20ನೇ ತಾರೀಕು ಎರಡನೇ ದೂರು. ಆ ಕರೆಯ ಧ್ವನಿಮುದ್ರಣ ಕೇಳಿದೆ. ಮೇಷ್ಟ್ರ ದನಿಯಲ್ಲಿ ಕೋಪವೇ ಇರಲಿಲ್ಲ. "ಅಮ್ಮನ ಇನ್ಸುಲಿನ್ ಇಟ್ಟೀವಿ ನೋಡ್ರಿ, ಬಿಸಿಲು ಭಾಳ ಐತಿ, ಸ್ವಲ್ಪ ಜಲ್ದಿ ಕಳಸ್ರಿ" ಅಂದಿದ್ದರು. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಬಳಕೆಗೆ ತೆಗೆದದ್ದು ಕೆಲವು ವಾರ ಹೊರಗಿದ್ದರೂ ಬಾಳುತ್ತದೆ, ಆದರೆ ಏಪ್ರಿಲ್ ತಿಂಗಳ ದಾವಣಗೆರೆಯ ಸೆಕೆಯಲ್ಲಿ ಅಲ್ಲ. ನಮ್ಮ ಕಾಲ್ ಸೆಂಟರಿನ ಹುಡುಗಿ 'ಇನ್ಸುಲಿನ್' ಎಂದು ಟಿಕೆಟ್ಟಿನಲ್ಲಿ ಬರೆದುಕೊಂಡಿದ್ದಳು ಕೂಡ.

22ಕ್ಕೆ ಆ ಟಿಕೆಟ್ ಮುಚ್ಚಿತು. ಕಾರಣ: 'ಗ್ರಾಹಕರು ಮನೆಯಲ್ಲಿ ಇರಲಿಲ್ಲ'. 23ಕ್ಕೆ ಮೂರನೇ ದೂರು. 25ಕ್ಕೆ ಅದೂ ಮುಚ್ಚಿತು. ಅದೇ ಕಾರಣ.

ಮೇಷ್ಟ್ರು ಎರಡು ದಿನವೂ ಮನೆಯಲ್ಲೇ ಇದ್ದರು. ಅದು ಹೇಗೆ ಗೊತ್ತಾಯಿತು ಎಂದರೆ, ಸರ್ವಿಸ್ ಹುಡುಗರು ಗ್ರಾಹಕರಿಗೆ ಮಾಡುವ ಕರೆಗಳು ನಮ್ಮ ಆ್ಯಪ್ ಮೂಲಕವೇ ಹೋಗುತ್ತವೆ, ದಾಖಲೆ ಉಳಿಯುತ್ತದೆ. 22ರ ಸಂಜೆ 6.52ಕ್ಕೆ ಒಂದು ಕರೆ ಹೋಗಿದೆ, ನಾಲ್ಕು ಸೆಕೆಂಡು. ನಾಲ್ಕು ಸೆಕೆಂಡಿನಲ್ಲಿ ಆಚೆ ಕಡೆ ಸರಿಯಾಗಿ ಒಂದು ರಿಂಗ್ ಕೂಡ ಆಗುವುದಿಲ್ಲ. 25ಕ್ಕೆ ಕರೆಯೇ ಇಲ್ಲ. ಹುಡುಗ ಹೋಗಲಿಲ್ಲ, ಹೋದೆ ಎಂದು ಬರೆದ.

ಇಲ್ಲಿಗೆ ನಿಲ್ಲಿಸಿದ್ದರೆ ಕಳ್ಳ ಸಿಕ್ಕಿದಂತಾಗುತ್ತಿತ್ತು, ಅವನ ಹೆಸರನ್ನು ಮೇಷ್ಟ್ರಿಗೆ ಒಪ್ಪಿಸಿ ನಾವು ಕೈತೊಳೆದುಕೊಳ್ಳಬಹುದಿತ್ತು. ಆ ದಿನ ಅವನಿಗೆ ಬೇರೆ ಯಾವ ಕೆಲಸ ಇತ್ತು ಎಂದು ನೋಡಿದೆ. 22ಕ್ಕೆ ಹದಿನಾಲ್ಕು ಮನೆಗಳು, ದಾವಣಗೆರೆಯಲ್ಲಿ ಒಂಬತ್ತು, ಹರಿಹರದಲ್ಲಿ ಐದು. ಫ್ರಿಜ್ ಒಂದಕ್ಕೆ ಒಂದು ಗಂಟೆ ಹಿಡಿದರೂ ಹದಿನಾಲ್ಕು ಗಂಟೆ. ಟಿಕೆಟ್ ತೆರೆದು ನಲವತ್ತೆಂಟು ಗಂಟೆ ಮೀರಿದರೆ ಸರ್ವಿಸ್ ಸೆಂಟರಿಗೆ ದಂಡ, ಆ ದಂಡ ಇಳಿಯುವುದು ಹುಡುಗನ ಸಂಬಳಕ್ಕೆ. ಆದರೆ 'ಗ್ರಾಹಕರು ಮನೆಯಲ್ಲಿ ಇರಲಿಲ್ಲ' ಎಂದು ಗುಂಡಿ ಒತ್ತಿದರೆ ಗಡಿಯಾರ ನಿಲ್ಲುತ್ತದೆ. ಸುಳ್ಳು ಹೇಳಿದವನು ಅವನು, ನಿಜ. ಸುಳ್ಳಿಗೆ ಗುಂಡಿ ಮಾಡಿಟ್ಟವರು ನಾವು. ಆ ಗುಂಡಿಯಿಂದ ಬಂದ ಅಂಕಿಗಳನ್ನೇ ಪ್ರತಿ ತಿಂಗಳು 'ಶೇಕಡಾ ಇಷ್ಟು ದೂರುಗಳು ಸಮಯಕ್ಕೆ ಸರಿಯಾಗಿ ಇತ್ಯರ್ಥ' ಎಂದು ವರದಿ ಮಾಡಿ ಮೇಲಿನವರಿಗೆ ಕಳಿಸುತ್ತಿದ್ದವರಲ್ಲಿ ನಾನೂ ಒಬ್ಬ.

ಮಧ್ಯಾಹ್ನ ಮೂರಕ್ಕೆ ಮ್ಯಾನೇಜರಿಗೂ ಕಾನೂನು ವಿಭಾಗಕ್ಕೂ ಒಂದು ಟಿಪ್ಪಣಿ ಕಳಿಸಿದೆ. ಅದರಲ್ಲಿ ತಾರೀಕುವಾರು ನಡೆದದ್ದನ್ನು ಬರೆದು, ಮೇಷ್ಟ್ರ ಬೇಡಿಕೆಗಳನ್ನು ಬಿಡಿಬಿಡಿಯಾಗಿ ನೋಡಿದ್ದೆ. ಫ್ರಿಜ್ಜಿನ ಹಣ: ಕೊಡಬೇಕಾದ್ದೇ. ಹೊಸ ವಸ್ತು, ತಯಾರಿಕೆಯ ದೋಷ. ಇನ್ಸುಲಿನ್: ಫ್ರಿಜ್ಜಿನೊಳಗೆ ಇಟ್ಟ ಸಾಮಾನಿನ ನಷ್ಟ ವಾರಂಟಿಗೆ ಸೇರುವುದಿಲ್ಲ ಎಂದು ಷರತ್ತಿನಲ್ಲಿದೆ. ಆದರೆ 20ರಂದು ಅವರು ನಮಗೆ ಹೇಳಿದ್ದರು. 22ಕ್ಕೆ ಬರುವುದಿಲ್ಲ ಎಂದು ನಿಜ ಹೇಳಿದ್ದರೆ ಪಕ್ಕದ ಮನೆಯ ಫ್ರಿಜ್ಜಿನಲ್ಲಾದರೂ ಇಡುತ್ತಿದ್ದರು. ಹಾಳಾದದ್ದು ಫ್ರಿಜ್ಜಿನ ದೋಷದಿಂದ ಅಷ್ಟೇ ಅಲ್ಲ, ನಮ್ಮ ಸುಳ್ಳನ್ನು ನಂಬಿ ಕಾದದ್ದರಿಂದ. ಹಾಗಾಗಿ ಅದನ್ನೂ ಕೊಡಬೇಕು. ಐವತ್ತು ಸಾವಿರ: ಅದಕ್ಕೆ ಲೆಕ್ಕವಿಲ್ಲ. ಅವರು ಒಪ್ಪದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ತೀರ್ಮಾನಿಸಲಿ.

ಕಾನೂನಿನವರ ಪ್ರಶ್ನೆ ಸರಿಯಾಗಿಯೇ ಇತ್ತು: "ಹಣ ಕೊಡಿ, ಇಲ್ಲಾಂದ್ರೆ ಬಯಲಿಗೆಳಿತೀನಿ ಅನ್ನೋದು ಬ್ಲ್ಯಾಕ್‌ಮೇಲ್ ಅಲ್ವಾ?" ಇದು ತತ್ತ್ವಶಾಸ್ತ್ರದಲ್ಲೂ ಒಂದು ಹಳೆಯ ಒಗಟು. ನಿಜವಾದ ವಿಷಯವನ್ನು ನಾಲ್ಕು ಜನರ ಮುಂದೆ ಹೇಳುವುದು ತಪ್ಪಲ್ಲ. ಬಾಕಿ ಹಣ ಕೇಳುವುದೂ ತಪ್ಪಲ್ಲ. ಎರಡು ಸರಿಗಳನ್ನು ಜೋಡಿಸಿದರೆ ಯಾಕೆ ತಪ್ಪಾಗುತ್ತದೆ? ನಮ್ಮ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮು ಸುಲಿಗೆಯನ್ನು ವಿವರಿಸುವಾಗ 'ಅಪ್ರಾಮಾಣಿಕವಾಗಿ' ಎಂಬ ಮಾತನ್ನು ಸೇರಿಸುತ್ತದೆ. ಎಳೆ ಅಲ್ಲಿದೆ ಎಂದು ನನಗೆ ಅನಿಸಿತು. ತನಗೆ ಸಲ್ಲಬೇಕಾದ್ದನ್ನು ಕೇಳಲು ಗಟ್ಟಿಯಾಗಿ ಕೂಗುವವನು ಸುಲಿಯುತ್ತಿಲ್ಲ. ಸಲ್ಲದ್ದನ್ನು ಕೇಳಿ, ಬಾಯಿ ಮುಚ್ಚಿಕೊಳ್ಳುವುದಕ್ಕೆ ಬೆಲೆ ಕಟ್ಟಿದಾಗ ಅದು ಬೇರೆಯಾಗುತ್ತದೆ. ಮೇಷ್ಟ್ರ ಐವತ್ತು ಸಾವಿರ ಆ ಗಡಿಯ ಹತ್ತಿರ ಹೋಗಿ ನಿಂತಿತ್ತು. ಆದರೆ ನಮ್ಮ ಐದು ಸಾವಿರದ ಕೂಪನ್? ಅದೂ ಮೌನಕ್ಕೇ ಕಟ್ಟಿದ ಬೆಲೆ. ಅವರು ಮಾರಲು ಹೊರಟದ್ದು ತಪ್ಪಾದರೆ ನಾವು ಕೊಳ್ಳಲು ಹೊರಟದ್ದೂ ತಪ್ಪೇ. ಕೂಪನ್ನಿನ ಕರಡು ಅಲ್ಲಿಗೆ ಬಿತ್ತು.

ನಾಲ್ಕೂಕಾಲಿಗೆ ಹೋದ ಉತ್ತರ ಇದು:

"ಮಾನ್ಯರೇ, ನಿಮ್ಮ 26ರ ಪತ್ರ ಓದಿ, ನಮ್ಮ ದಾಖಲೆಗಳನ್ನು ಪರಿಶೀಲಿಸಿದ್ದೇವೆ. ಏಪ್ರಿಲ್ 13ಕ್ಕೆ ನಮ್ಮ ಕೆಲಸಗಾರರು ನಿಮ್ಮ ಮನೆಗೆ ಬಂದು ಗ್ಯಾಸ್ ತುಂಬಿಸಿದ್ದಾರೆ, ಜಾಬ್ ಶೀಟಿನ ಪ್ರತಿ ಲಗತ್ತಿಸಿದೆ. ಗ್ಯಾಸ್ ಸೋರುತ್ತಿದ್ದ ಜಾಗವನ್ನು ಆಗ ಪತ್ತೆ ಮಾಡಲಿಲ್ಲ. ಅದು ನಮ್ಮ ಲೋಪ. 22 ಮತ್ತು 25ರಂದು ನೀವು ಮನೆಯಲ್ಲಿ ಇರಲಿಲ್ಲವೆಂದು ನಾವು ದಾಖಲಿಸಿದ್ದು ತಪ್ಪು. ಆ ಎರಡು ದಿನ ನಮ್ಮಿಂದ ಯಾರೂ ಬಂದಿಲ್ಲ. ಫ್ರಿಜ್ಜಿನ ಹಣ 24,990 ರೂಪಾಯಿ ಏಳು ಕೆಲಸದ ದಿನಗಳೊಳಗೆ ನಿಮ್ಮ ಖಾತೆಗೆ ಬರುತ್ತದೆ. ಹೊಸ ಫ್ರಿಜ್ ಬೇಕೆಂದರೆ ನಾಳೆಯೊಳಗೆ ತಿಳಿಸಿ. ಇನ್ಸುಲಿನ್ ಬಗ್ಗೆ ನೀವು 20ರಂದೇ ನಮಗೆ ಹೇಳಿದ್ದಿರಿ. ಔಷಧಿ ಅಂಗಡಿಯ ಬಿಲ್ ಕಳಿಸಿದರೆ ಆ ಮೊತ್ತವನ್ನೂ ಕೊಡುತ್ತೇವೆ. 50,000 ರೂಪಾಯಿಯ ಬೇಡಿಕೆಯನ್ನು ಒಪ್ಪಲು ಆಗುವುದಿಲ್ಲ. ಈ ಬಗ್ಗೆ ನೀವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಈ ವಿಷಯವನ್ನು ನೀವು ಎಲ್ಲಿ ಬರೆಯಬೇಕು ಎಂಬುದು ನಿಮಗೆ ಬಿಟ್ಟದ್ದು. ಮೇಲೆ ಹೇಳಿದ ಯಾವುದೂ ಅದನ್ನು ಅವಲಂಬಿಸಿಲ್ಲ. ಬರೆಯುವುದಾದರೆ ನಮ್ಮ ಕೆಲಸಗಾರರ ಹೆಸರು, ಫೋಟೊ, ಫೋನ್ ನಂಬರು ಹಾಕಬೇಡಿ ಎಂದು ಕೇಳಿಕೊಳ್ಳುತ್ತೇವೆ. ಒಬ್ಬರು ಮಾಡಲಾಗದಷ್ಟು ಕೆಲಸವನ್ನು ಆ ದಿನ ಅವರಿಗೆ ಹಚ್ಚಿದ್ದವರು ನಾವು. ಉತ್ತರ ಕೊಡಬೇಕಾದವರೂ ನಾವೇ."

ಕೊನೆಯ ಎರಡು ಸಾಲುಗಳ ಬಗ್ಗೆ ಮ್ಯಾನೇಜರ ಜೊತೆ ಮುಕ್ಕಾಲು ಗಂಟೆ ಜಗ್ಗಾಟ ನಡೆದಿತ್ತು. ಲಿಖಿತವಾಗಿ ತಪ್ಪು ಒಪ್ಪಿಕೊಂಡರೆ ನಾಳೆ ಅದನ್ನೇ ಸ್ಕ್ರೀನ್‌ಶಾಟ್ ತೆಗೆದು ಹಾಕುತ್ತಾರಲ್ಲ ಎಂಬುದು ಅವರ ಆತಂಕ. ಹಾಕಲಿ ಎಂದೆ. ಹಾಕಿದರೆ ನಾಚಿಕೆಯಾಗುವಂಥ ಸಾಲು ಅದರಲ್ಲಿ ಯಾವುದಿದೆ ಹೇಳಿ, ತೆಗೆಯೋಣ. ಅವರು ಎರಡು ಸಲ ಓದಿದರು. 'ಅದು ನಮ್ಮ ಲೋಪ' ಎಂಬಲ್ಲಿ ಬೆರಳಿಟ್ಟರು, ಆಮೇಲೆ ತೆಗೆದರು.

ಕಾಗದ ಹೋದ ಮೇಲೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಬೆದರಿಕೆ ಇಲ್ಲದಿದ್ದರೂ ಇದನ್ನೇ ಕೊಡುತ್ತಿದ್ದೆವು ಎಂಬ ಭಾವದಲ್ಲಿ ಅಷ್ಟೂ ಬರೆದಿದ್ದೆ. ಅದು ನಿಜವೇ? ಬೆದರಿಕೆ ಇಲ್ಲದಿದ್ದರೆ ಆ ಕಡತ ನನ್ನ ಮೇಜಿಗೇ ಬರುತ್ತಿರಲಿಲ್ಲ. 20ನೇ ತಾರೀಕಿನ ಮೆದು ದನಿಯ ಮೇಷ್ಟ್ರಿಗೆ ನಾವು ಕೊಟ್ಟದ್ದು ನಾಲ್ಕು ಸೆಕೆಂಡಿನ ಒಂದು ಕರೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ಬರೆದ ಪುಸ್ತಕವೊಂದರಲ್ಲಿ, ಸಂಸ್ಥೆಯೊಂದು ಕೆಡುತ್ತಾ ಹೋದಾಗ ಜನ ಎರಡು ದಾರಿ ಹಿಡಿಯುತ್ತಾರೆ ಎನ್ನುತ್ತಾನೆ: ಬಿಟ್ಟು ಹೋಗುವುದು, ಇಲ್ಲವೇ ದನಿ ಎತ್ತುವುದು. ಫ್ರಿಜ್ಜಿಗೆ ಹಣ ಕಟ್ಟಿ ಆಗಿರುವವನು ಬಿಟ್ಟು ಎಲ್ಲಿಗೆ ಹೋಗುತ್ತಾನೆ? ಉಳಿಯುವುದು ದನಿ. ಮೆದು ದನಿ ಕೇಳಿಸದಂತೆ ಕಟ್ಟಿದ ಕಟ್ಟಡದಲ್ಲಿ ಎಲ್ಲರೂ ಕೂಗುವುದನ್ನೇ ಕಲಿಯುತ್ತಾರೆ. ಆಮೇಲೆ ನಾವು ಒಳಗೆ ಕುಳಿತು, ಜನರಿಗೆ ಸೌಜನ್ಯವೇ ಇಲ್ಲ ಎನ್ನುತ್ತೇವೆ.

ಕೂಗದವರು? ಮರುದಿನ ಅದೇ ಸರ್ವಿಸ್ ಸೆಂಟರಿನಲ್ಲಿ ಏಪ್ರಿಲ್ ತಿಂಗಳು 'ಗ್ರಾಹಕರು ಮನೆಯಲ್ಲಿ ಇರಲಿಲ್ಲ' ಎಂದು ಮುಚ್ಚಿದ ಟಿಕೆಟ್ಟುಗಳನ್ನು ತೆಗೆದೆ. ಮೂವತ್ತೊಂದು ಇದ್ದವು. ಹತ್ತು ಸೆಕೆಂಡಿಗಿಂತ ಕಡಿಮೆ ಕರೆ ಹೋದವು, ಕರೆಯೇ ಹೋಗದವು ಹತ್ತೊಂಬತ್ತು. ಎರಡು ದಿನ ಕೂತು ಹತ್ತೊಂಬತ್ತು ಮನೆಗೂ ಫೋನ್ ಮಾಡಿದೆ. ಕೆಲವರು ಬೈದರು, ಅದು ಹಗುರವಾಗಿತ್ತು. ಹರಿಹರದ ಒಬ್ಬ ಹೆಂಗಸು ಮಾತ್ರ, "ಬಂದಿದ್ರೇನೋ, ನಾನೇ ಹಿತ್ತಲಾಗ ಬಟ್ಟಿ ಒಗೀತಿದ್ನೇನೋ ಅನ್ಕೊಂಡೆ ಬಿಡಪ್ಪ" ಎಂದರು. ನಮ್ಮ ಸುಳ್ಳನ್ನು ಅವರು ತಮ್ಮ ತಪ್ಪೆಂದು ಎರಡು ವಾರದಿಂದ ನಂಬಿಕೊಂಡಿದ್ದರು. ಮೇಷ್ಟ್ರ 'ಕಳ್ಳರು' ಎಂಬ ಮಾತು ನನಗೆ ಅಷ್ಟು ತಾಗಿರಲಿಲ್ಲ.

ಕಾನೂನಿನ ಪ್ರಕಾರ ಆನ್‌ಲೈನ್ ಮಾರಾಟಗಾರರು ದೂರು ಬಂದ ನಲವತ್ತೆಂಟು ಗಂಟೆಯೊಳಗೆ ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. 2020ರ ಇ-ಕಾಮರ್ಸ್ ನಿಯಮಗಳಲ್ಲಿ ಇದು ಇದೆ. ಆ ಹತ್ತೊಂಬತ್ತರಲ್ಲಿ ಎಲ್ಲವೂ ನಮ್ಮ ಲೆಕ್ಕದಲ್ಲಿ 'ಪರಿಹಾರ'ವಾಗಿದ್ದವು. ನಿಯಮ ಮುರಿದಿಲ್ಲ ಎಂದು ದಾಖಲೆ ತೋರಿಸಬಹುದಿತ್ತು. ವಾಸ್ತವಾಂಶಗಳ ಮೇಲೆ ನಿಂತು ಉತ್ತರಿಸಬೇಕು ಎನ್ನುವಾಗ ಈ ಅಪಾಯ ಯಾವಾಗಲೂ ಇರುತ್ತದೆ. ದಾಖಲೆಯನ್ನೇ ವಾಸ್ತವ ಎಂದುಕೊಂಡರೆ, ಬಹಳ ತಣ್ಣಗೆ, ಬಹಳ ಗೌರವದಿಂದ, ತಾರೀಕು ಸಮೇತ ಸುಳ್ಳು ಹೇಳಬಹುದು. ಆ ನಾಲ್ಕು ಸೆಕೆಂಡನ್ನು ನೋಡದೇ ಬರೆದಿದ್ದರೆ ನನ್ನ ಕಾಗದವೂ ಹಾಗೇ ಇರುತ್ತಿತ್ತು: "ಮಾನ್ಯರೇ, 22 ಮತ್ತು 25ರಂದು ನಮ್ಮವರು ಭೇಟಿ ನೀಡಿದಾಗ ತಾವು ಮನೆಯಲ್ಲಿ ಇರಲಿಲ್ಲ."

ಆ ಗುಂಡಿಯನ್ನು ಕಂಪನಿ ಜೂನಿನಲ್ಲಿ ತೆಗೆಯಿತು. ಅದರ ಬದಲು, ಕೆಲಸ ಮುಗಿದ ಮೇಲೆ ಗ್ರಾಹಕರ ಮೊಬೈಲಿಗೆ ಒಂದು ಸಂಖ್ಯೆ ಬರುತ್ತದೆ, ಅದನ್ನು ಅವರು ಹೇಳಿದರೆ ಮಾತ್ರ ಟಿಕೆಟ್ ಮುಚ್ಚುತ್ತದೆ. ಎರಡೇ ತಿಂಗಳಲ್ಲಿ ಹೊಸ ದೂರುಗಳು ಶುರುವಾದವು: 'ಪಾರ್ಟ್ ಬರಬೇಕು, ಆ ನಂಬರ್ ಹೇಳ್ಬಿಡಿ, ನಾಳೆ ಬಂದು ಹಾಕ್ತೀನಿ' ಎಂದು ಹೇಳಿಸಿಕೊಂಡು ಹೋದವರು ಬರಲೇ ಇಲ್ಲ. ದಿನಕ್ಕೆ ಹದಿನಾಲ್ಕು ಮನೆ ಎಂಬುದು ಹಾಗೇ ಇತ್ತಲ್ಲ.

ಮೇಷ್ಟ್ರು ಆ ಸಂಜೆ ಆರಕ್ಕೆ ಏನೂ ಹಾಕಲಿಲ್ಲ. ಮೂರನೇ ದಿನ ಹಾಕಿದರು. ನಡೆದದ್ದನ್ನೆಲ್ಲ ಬರೆದು, ನಮ್ಮ ಉತ್ತರವನ್ನೂ ಪೂರ್ತಿ ಲಗತ್ತಿಸಿದ್ದರು. ಹುಡುಗನ ಹೆಸರಿರಲಿಲ್ಲ. ಮೂವತ್ತು ಚಿಲ್ಲರೆ ಜನ ಮೆಚ್ಚಿದ್ದರು, ಅಷ್ಟೇ. ನನಗೆ ಬಂದ ಉತ್ತರದಲ್ಲಿ ಔಷಧಿ ಅಂಗಡಿಯ ಬಿಲ್ಲಿನ ಫೋಟೊ ಇತ್ತು, ಅದರ ಕೆಳಗೆ ಒಂದು ಸಾಲು:

"ಈ ಕಾಗದ 22ನೇ ತಾರೀಕಿಗೆ ಬಂದಿದ್ದರೆ ನಾನು ಅಷ್ಟು ಕೆಟ್ಟದಾಗಿ ಬರೆಯುತ್ತಿರಲಿಲ್ಲ."

ಅದಕ್ಕೆ ಏನು ಉತ್ತರ ಬರೆಯಬೇಕೆಂದು ಹೊಳೆಯಲಿಲ್ಲ. ಬಿಲ್ ತಲುಪಿತು ಎಂದಷ್ಟೇ ಬರೆದೆ.